ನೀರು ಇಳಿದ ಮೇಲೆ ಬರುವವರು

ಕಮಲಾಪುರದ ಕಡೆಯ ಗಂಡೋರಿ ನಾಲಾ ಜಲಾಶಯಕ್ಕೆ ನಾವು ಹೊರಡುವ ದಿನವನ್ನು ಗೊತ್ತುಮಾಡಿದ್ದು ನೀರು. ದಸರೆ ಹೊತ್ತಿಗೆ ಜಲಾಶಯ ಅಂಚಿನವರೆಗೆ ತುಂಬಿ ನಿಂತಿರುತ್ತದೆ. ಕಣ್ಣಿಗೆ ಅದೇ ಚೆಂದ. ಆದರೆ ಬೇರೆ ದೇಶದಿಂದ ಹಸಿದು ಬಂದ ಹಕ್ಕಿಗೆ ಅಂಥ ತುಂಬು ನೀರಿನಿಂದ ಏನೂ ಸಿಗುವುದಿಲ್ಲ. ತಲೆ ಮುಳುಗಿಸಿ, ಬಾಲ ಮೇಲೆತ್ತಿ ಕೆಸರಿನಿಂದ ಬೀಜ ಹೆಕ್ಕುವ ಸೂಜಿಬಾಲದ ಬಾತಿಗೆ ಕೊಕ್ಕು ನೆಲಕ್ಕೆ ತಾಗಬೇಕಾದರೆ ನೀರು ಒಂದು ಮೊಳಕ್ಕಿಂತ ಆಳವಿರಬಾರದು. ಗದ್ದೆಗೊರವನಿಗೆ ನಾಲ್ಕು ಬೆರಳು ನೀರು ಸಾಕು, ಹೆಚ್ಚಾದರೆ ಅದು ನಿಲ್ಲುವುದೇ ಇಲ್ಲ. ಮಳೆ ನಿಂತು, ಹೊಲಗಳಿಗೆ ನೀರು ಹರಿದು, ಬಿಸಿಲಿಗೆ ಆರಿ ಜಲಾಶಯ ದಿನದಿನಕ್ಕೆ ಇಳಿಯುತ್ತ ಹೋದಂತೆ ದಡದ ಗುಂಟ ಹಸಿ ಕೆಸರಿನ ಒಂದು ಪಟ್ಟಿ ಹೊರಬೀಳುತ್ತದೆ. ಹುಳು, ಬೀಜ, ಸಣ್ಣ ಶಂಖ ಎಲ್ಲ ಬಡಿಸಿಟ್ಟ ಊಟದ ಎಲೆ ಅದು.

ಕಲಬುರಗಿಯಲ್ಲಿ ಮಾಸ್ತರಿಕೆ ಮಾಡುವ ನನ್ನ ಗೆಳೆಯ ನವೆಂಬರಿನಿಂದಲೇ ಈ ಪಟ್ಟಿಯ ಮೇಲೆ ಕಣ್ಣಿಟ್ಟಿದ್ದ. ಹಿನ್ನೀರಿನ ಕಡೆ ಹೋದಾಗಲೆಲ್ಲ ಒಂದೇ ಜಾಗದಲ್ಲಿ ನಿಂತು ಒಂದೇ ಬಂಡೆಯ ಚಿತ್ರ ತೆಗೆದು ಕಳಿಸುತ್ತಿದ್ದ. ಬಂಡೆಯ ಮೇಲೆ ನೀರು ಬಿಟ್ಟುಹೋದ ಗೆರೆ ಎಷ್ಟು ಮೇಲಿದೆ ಎಂಬುದರಿಂದ ನೀರು ಎಷ್ಟು ಇಳಿಯಿತೆಂದು ನನಗೆ ಬೆಂಗಳೂರಿನಲ್ಲಿ ಕುಳಿತೇ ತಿಳಿಯುತ್ತಿತ್ತು. ಅದರ ಜೊತೆಗೆ ಅವನು ಇನ್ನೊಂದು ವರದಿಯನ್ನೂ ಕೊಡುತ್ತಿದ್ದ: ಕೆಸರಿನಲ್ಲಿ ಕಾಲಿಟ್ಟರೆ ಎಷ್ಟು ಇಳಿಯುತ್ತದೆ? ಹಿಮ್ಮಡಿ ಮುಳುಗುವಷ್ಟು ಮೆತ್ತಗಿದ್ದರೆ ಹಕ್ಕಿಯ ಕೊಕ್ಕು ಸಲೀಸಾಗಿ ಇಳಿಯುತ್ತದೆ. ಎರೆಮಣ್ಣು ಒಣಗಿ ಬಿರುಕುಬಿಟ್ಟಿತೆಂದರೆ ಹುಳುಗಳು ಆಳಕ್ಕೆ ಹೋಗಿಬಿಟ್ಟಿವೆ, ಹಕ್ಕಿಗಳೂ ಜಾಗ ಬದಲಿಸಿವೆ ಎಂದರ್ಥ. ಆದ್ದರಿಂದ ಹೋಗುವವನು ಅಲ್ಲಿಯ ಒಬ್ಬರ ಕಣ್ಣನ್ನು ನಂಬಬೇಕು. ಹೋದ ವರ್ಷ ಇದೇ ತಾರೀಖಿಗೆ ಇದ್ದವು ಎಂಬ ಲೆಕ್ಕ ಈ ಸೀಮೆಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಇಲ್ಲಿಯ ಮಳೆ ಒಂದು ವರ್ಷದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ.

ನೀರಿನ ಲೆಕ್ಕದ ಮೇಲೆ ಹಕ್ಕಿಗಳ ಲೆಕ್ಕವನ್ನು ಕೂಡಿಸಬೇಕು. ಚಳಿಗಾಲದ ಅತಿಥಿಗಳೆಲ್ಲ ಒಂದೇ ಸಲ ಬರುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲೇ ಸಿಪಿಲೆಗಳೂ ಗೊರವಗಳೂ ಹಾಜರು. ಗುಲಾಬಿ ಕಬ್ಬಕ್ಕಿಯಂತೂ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿದ್ದೇ ತಡ ಇತ್ತ ಹೊರಟುಬಿಡುತ್ತದೆ. ವರ್ಷದ ಹೆಚ್ಚಿನ ಭಾಗವನ್ನು ಅದು ಕಳೆಯುವುದು ನಮ್ಮಲ್ಲೇ. ಅಕ್ಟೋಬರ್ ದಾಟಿದ ಮೇಲೆ ಬಾತುಗಳು. ಎಲ್ಲಕ್ಕಿಂತ ತಡವಾಗಿ, ನವೆಂಬರ್ ಕೊನೆಯಿಂದ, ಪಟ್ಟೆತಲೆ ಹೆಬ್ಬಾತು. ಮಾರ್ಚಿನಲ್ಲಿ ಹಿಂದಿರುಗುವಾಗ ಮೊದಲು ಹೊರಡುವುದೂ ಅದೇ. ಈ ಎಲ್ಲ ಗುಂಪುಗಳೂ ಒಟ್ಟಿಗೆ ಇರುವ, ಕೆಸರೂ ಹಸಿಯಾಗಿರುವ ಕಾಲ ಎಳ್ಳಮಾವಾಸ್ಯೆ ಕಳೆದು ಜನವರಿಯ ಕೊನೆಯ ತನಕ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲೇ ನಡೆಯುತ್ತಿರುವುದೂ ಈ ಕಾರಣಕ್ಕೆ: ಆ ತಿಂಗಳಲ್ಲಿ ಬಂದವರೆಲ್ಲ ಬಂದಾಗಿರುತ್ತದೆ, ಹೊರಡುವವರು ಇನ್ನೂ ಹೊರಟಿರುವುದಿಲ್ಲ.

ಎಳ್ಳಮಾವಾಸ್ಯೆಯ ದಿನವೇ ಹೋಗುವುದು ಬೇಡವೆಂದು ಗೆಳೆಯ ಹೇಳಿದ್ದ. ಅಂದು ಕಲಬುರಗಿ ಸೀಮೆಯಲ್ಲಿ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲದಲ್ಲಿರುತ್ತದೆ, ಚರಗ ಚೆಲ್ಲುತ್ತದೆ. ಊಟಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ, ಹಕ್ಕಿ ನೋಡಲು ಅದಕ್ಕಿಂತ ಗದ್ದಲದ ದಿನವಿಲ್ಲ. ನಾವು ಜನವರಿ ಮಧ್ಯದ ಒಂದು ವಾರವನ್ನು ಆರಿಸಿಕೊಂಡೆವು.

ಮುನ್ನಾದಿನ ಸಂಜೆ ಕಲಬುರಗಿ ನಗರದಲ್ಲಿ ಕಳೆಯಿತು. ಬಹಮನಿಗಳ ಕೋಟೆಯ ಕಂದಕದ ಪಾಚಿ ನೀರು, ಶರಣಬಸವೇಶ್ವರರ ಗುಡಿಯ ಸಮೀಪದ ಅಪ್ಪನ ಕೆರೆ, ಇವೆರಡೂ ಜನಜಂಗುಳಿಯ ನಡುವೆಯೇ ಇರುವ ನೀರು. ಇಲ್ಲಿ ಸಿಗುವವು ಊರಿಗೆ ಒಗ್ಗಿದ ಹಕ್ಕಿಗಳು: ನೀರುಕಾಗೆ, ಗುಳುಮುಳುಕ, ಬೆಳ್ಳಕ್ಕಿ, ಕತ್ತಲಾಗುವಾಗ 'ಕ್ವಾಕ್' ಎಂದು ಒಂದೇ ಸ್ವರ ಹಾಕಿ ಹೊರಡುವ ರಾತ್ರಿಬಕ. ಹೊಸದಾಗಿ ದುರ್ಬೀನು ಹಿಡಿದವರು ಇಲ್ಲಿಂದ ಶುರುಮಾಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ನೂರು ಗಜ ದೂರದ ನೀರುಕಾಗೆಯ ಮೇಲೆ ದುರ್ಬೀನನ್ನು ತಡವಿಲ್ಲದೆ ಇಡಲು ಬಂದರೆ, ಮರುದಿನ ಕತ್ತಲಲ್ಲಿ ಹಾರಿಬರುವ ಹೆಬ್ಬಾತನ್ನು ಹಿಡಿಯಲು ಕೈ ಪಳಗಿರುತ್ತದೆ.

ಸೂರ್ಯ ಮುಳುಗುವ ಹೊತ್ತಿಗೆ ಊರಂಚಿನ ಬಳ್ಳಾರಿ ಜಾಲಿಯ ಪೊದೆಗಳ ಕಡೆ ಹೋದೆವು. ಅಲ್ಲಿ ನಾನು ಕಂಡದ್ದನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಪಡುವಣದ ಕೆಂಪಿನಲ್ಲಿ ಮೊದಲು ಒಂದು ಕರಿ ನೆರಳು ಕಾಣಿಸಿತು, ಅದು ಉದ್ದವಾಯಿತು, ಮಡಚಿಕೊಂಡಿತು, ಒಮ್ಮೆಲೇ ಎರಡಾಗಿ ಮತ್ತೆ ಕೂಡಿತು. ಸಾವಿರಾರು ಗುಲಾಬಿ ಕಬ್ಬಕ್ಕಿಗಳು. ನೆತ್ತಿಯ ಮೇಲೆ ಬಂದಾಗ ರೆಕ್ಕೆಗಳ ಸದ್ದೇ ಗಾಳಿಯಾಗಿ ಮುಖಕ್ಕೆ ತಾಗಿತು. ಪ್ರತಿಯೊಂದು ಹಕ್ಕಿಯೂ ತನ್ನ ಸುತ್ತಲಿನ ಕೆಲವೇ ಹಕ್ಕಿಗಳ ಚಲನೆಯನ್ನು ನೋಡಿ ತಿರುಗುತ್ತದೆ, ಹಾಗೆ ತಿರುಗಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಹಿಂಡಿಗೆ ಹರಡುತ್ತದೆ. ಮುಂದಾಳು ಯಾರೂ ಇಲ್ಲ. ಓದಿ ತಿಳಿದಿದ್ದೆ. ತಲೆಯೆತ್ತಿ ನಿಂತಾಗ ಆ ತಿಳಿವಳಿಕೆ ಬೆರಗನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ರಾತ್ರಿ ಊಟವಾದ ಮೇಲೆ ಗೆಳೆಯನ ಮನೆಯಲ್ಲಿ ಮರುದಿನದ ವೇಳಾಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಬರೆದೆವು. ಬೆಳಗಿನ ಪಯಣಕ್ಕೆ ಇದೇ ಸರಿಯಾದ ಕ್ರಮ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ ಮೂರನೆಯ ವಾರದಲ್ಲಿ ಬಂದುಹೋಗಿರುತ್ತದೆ. ಆದರೆ ಕಲಬುರಗಿಯಲ್ಲಿ ಸೂರ್ಯ ಅತ್ಯಂತ ತಡವಾಗಿ ಹುಟ್ಟುವುದು ಜನವರಿಯ ಮಧ್ಯದಿಂದ ಕೊನೆಯ ವಾರದವರೆಗೆ, ಸುಮಾರು 6.55ಕ್ಕೆ. ನವೆಂಬರ್ ಮಧ್ಯದಲ್ಲಿ ಅದು 6.27ರ ಆಸುಪಾಸು. ಈ ಅರ್ಧ ಗಂಟೆಯನ್ನು ಗಮನಿಸದವರು ಕತ್ತಲಲ್ಲಿ ಸುಮ್ಮನೆ ನಡುಗುತ್ತ ಕೂರುತ್ತಾರೆ ಅಥವಾ ಎಲ್ಲ ಮುಗಿದ ಮೇಲೆ ತಲುಪುತ್ತಾರೆ. ಸೂರ್ಯ 6.55ಕ್ಕೆ ಎಂದರೆ ಕಣ್ಣಿಗೆ ಬಣ್ಣ ಕಾಣುವಷ್ಟು ನಸುಬೆಳಕು 6.30ಕ್ಕೆ. ಹೆಬ್ಬಾತುಗಳ ದನಿ ಅದಕ್ಕೂ ಹದಿನೈದು ನಿಮಿಷ ಮೊದಲೇ ಕೇಳತೊಡಗಬಹುದು. ಅವು ಬರುವಾಗ ನಾವು ಕುಳಿತು ಕನಿಷ್ಠ ಕಾಲು ಗಂಟೆಯಾಗಿರಬೇಕು, ಅಂದರೆ 6 ಗಂಟೆಗೆ ಮರೆಯೊಳಗೆ. ದಾರಿಯಿಂದ ದಡಕ್ಕೆ ಕತ್ತಲಲ್ಲಿ ಹೊಲದ ಬದುವಿನ ಮೇಲೆ ಇಪ್ಪತ್ತು ನಿಮಿಷದ ನಡಿಗೆ. ಹುಮನಾಬಾದ್ ರಸ್ತೆಯಲ್ಲಿ ಕಾರು ಓಡಿಸಲು ಮುಕ್ಕಾಲು ಗಂಟೆ. ದಾರಿಯಲ್ಲಿ ಚಹಾ ಇಲ್ಲ. ಮನೆ ಬಿಡುವುದು 4.55ಕ್ಕೆ.

ಇಷ್ಟೆಲ್ಲ ಗಡಿಬಿಡಿ ಏಕೆಂದರೆ ಕೆರೆಯಲ್ಲಿ ಬೆಳಗು ಎಂಬುದು ಪಾಳಿ ಬದಲಾಗುವ ಹೊತ್ತು. ಹೆಬ್ಬಾತುಗಳೂ ಬಹಳಷ್ಟು ಬಾತುಗಳೂ ರಾತ್ರಿ ಹೊಲಗಳಲ್ಲಿ, ಜವುಳು ನೆಲದಲ್ಲಿ ಮೇಯುತ್ತವೆ. ಹಗಲು ನಡುನೀರಿನಲ್ಲಿ ಅಥವಾ ಬಯಲು ದಡದಲ್ಲಿ ಮಲಗುತ್ತವೆ. ಅವು ಕೆಲಸದಿಂದ ಮನೆಗೆ ಬರುವ ಆ ಮುಕ್ಕಾಲು ಗಂಟೆಯಲ್ಲಿ ಹಾರಾಟ, ದನಿ, ಜಗಳ, ಇಳಿಯುವ ಪರಿ ಎಲ್ಲವೂ ಕಾಣುತ್ತವೆ. ಹತ್ತು ಗಂಟೆಗೆ ಹೋದವರಿಗೆ ಕಾಣುವುದು ದೂರದಲ್ಲಿ ತಲೆ ಹುದುಗಿಸಿ ಮಲಗಿದ ಬೂದು ಬಣ್ಣದ ಉಂಡೆಗಳು ಮಾತ್ರ.

ಮರೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಹೋದ ದಡದಲ್ಲಿ ಕಟ್ಟಿದ ವೀಕ್ಷಣಾ ಗೂಡುಗಳೇನೂ ಇರಲಿಲ್ಲ. ಗೆಳೆಯ ಹಿನ್ನೀರಿನ ಪೂರ್ವದ ದಡದಲ್ಲಿ ಹೊಲವಿರುವ ಒಬ್ಬ ಹಿರಿಯರನ್ನು ಕೇಳಿಕೊಂಡು ನಾಲ್ಕು ದಿನ ಮೊದಲೇ ಒಂದು ಮರೆ ಕಟ್ಟಿದ್ದ. ಪೂರ್ವದ ದಡವೇ ಏಕೆಂದರೆ ಜನವರಿಯ ಸೂರ್ಯ ಆಗ್ನೇಯದಲ್ಲಿ ಹುಟ್ಟುತ್ತಾನೆ. ಅವನಿಗೆ ಬೆನ್ನು ಕೊಟ್ಟು ಪಡುವಣಕ್ಕೆ ಮುಖಮಾಡಿ ಕುಳಿತರೆ ಹಕ್ಕಿಯ ಎದೆಯ ಮೇಲೆ ಬೆಳಕು ಬೀಳುತ್ತದೆ. ಎದುರಿನ ದಡದಲ್ಲಿ ಕುಳಿತವನಿಗೆ ಅದೇ ಹಕ್ಕಿ ಬರೀ ಕಪ್ಪು ಆಕಾರ. ಮರೆಗೆ ಬಳಸಿದ್ದು ತೊಗರಿ ಕಟ್ಟಿಗೆ. ಆಗತಾನೆ ತೊಗರಿ ರಾಶಿ ಮುಗಿದು ಒಣ ಕಟ್ಟಿಗೆಯ ಹೊರೆಗಳು ಹೊಲಹೊಲದಲ್ಲೂ ಬಿದ್ದಿದ್ದವು. ಹಕ್ಕಿಗಳಿಗೆ ಅದು ದಿನವೂ ನೋಡುವ ವಸ್ತು, ಅದರಲ್ಲಿ ಹೊಸತೇನೂ ಇಲ್ಲ. ಸೊಂಟದೆತ್ತರಕ್ಕೆ ಮೂರು ಕಡೆ ಒತ್ತಾಗಿ ನಿಲ್ಲಿಸಿ, ಕುಳಿತಾಗ ಕಣ್ಣು ಬರುವ ಎತ್ತರದಲ್ಲಿ ಅಂಗೈಯಗಲದ ಕಿಂಡಿ ಬಿಟ್ಟಿದ್ದ.

ಹೊಸಬರು ಸಾಮಾನ್ಯವಾಗಿ ಮರೆಯ ಮುಂಭಾಗಕ್ಕೆ ಎಲ್ಲ ಶ್ರಮ ಹಾಕುತ್ತಾರೆ. ನಿಜಕ್ಕೂ ಮುಚ್ಚಬೇಕಾದದ್ದು ಬೆನ್ನಿನ ಕಡೆ. ಹಿಂದೆ ತೆರೆದಿದ್ದರೆ ಬೆಳಕು ಕಿಂಡಿಯ ಮೂಲಕ ಹಾಯುತ್ತದೆ, ಒಳಗೆ ಕೈ ಆಡಿಸಿದರೂ ಆ ಬೆಳಕು ಮಿನುಗಿ ಹಕ್ಕಿಗೆ ಗೊತ್ತಾಗುತ್ತದೆ. ಗೆಳೆಯ ಹಿಂದುಗಡೆ ಕುರಿಗಾರರ ಕರಿ ಕಂಬಳಿ ಇಳಿಬಿಟ್ಟಿದ್ದ. ಒಳಗೆ ಕತ್ತಲೆ, ಬೆಚ್ಚಗೆ ಕೂಡ. ನಾಲ್ಕು ದಿನ ಮೊದಲೇ ಕಟ್ಟಿದ್ದಕ್ಕೂ ಕಾರಣವಿದೆ: ಹೊಸ ಆಕಾರವೊಂದು ದಡದಲ್ಲಿ ಎದ್ದರೆ ಹಕ್ಕಿಗಳು ಮೊದಲು ದೂರ ಸರಿಯುತ್ತವೆ, ಏನೂ ಆಗಲಿಲ್ಲವೆಂದು ಕಂಡ ಮೇಲೆ ನಿಧಾನ ಹತ್ತಿರ ಬರುತ್ತವೆ. ಹಗಲು ಹೊತ್ತಿನಲ್ಲಿ ಮರೆಗೆ ಹೋಗಬೇಕಾದರೆ ಇಬ್ಬರು ಹೋಗಿ ಒಬ್ಬರು ಎಲ್ಲರಿಗೂ ಕಾಣುವಂತೆ ಹಿಂದಿರುಗಬೇಕು. ಒಬ್ಬ ಒಳಗುಳಿದದ್ದನ್ನು ಹೆಚ್ಚಿನ ಹಕ್ಕಿಗಳು ಲೆಕ್ಕವಿಡುವುದಿಲ್ಲ. ಹೋದವನನ್ನು ನೋಡಿ ಸಮಾಧಾನವಾಗುತ್ತವೆ.

ನಸುಕಿನಲ್ಲಿ ಹೊರಟಾಗ ಥಂಡಿ ಚುರುಕಾಗಿತ್ತು. ಮಹಾಗಾಂವ ದಾಟುವವರೆಗೂ ರಸ್ತೆಯ ಎರಡೂ ಕಡೆ ಹೆಡ್‌ಲೈಟಿನಲ್ಲಿ ಕಾಣುತ್ತಿದ್ದದ್ದು ಜೋಳದ ತೆನೆಗಳ ಬಿಳುಪು ಮಾತ್ರ. ಕಾರು ನಿಲ್ಲಿಸಿ ಬದುವಿನ ಮೇಲೆ ನಡೆದೆವು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಬೆಳಕು ಕಾಲಿನ ಮುಂದಷ್ಟೇ ಬೀಳುವಂತೆ ಹಿಡಿದಿದ್ದೆವು. ಮೈಮೇಲೆ ಮಣ್ಣಿನ ಬಣ್ಣದ ಬಟ್ಟೆ. ಬಿಳಿ ಅಂಗಿ ನಸುಬೆಳಕಿನಲ್ಲಿ ಮೈಲಿ ದೂರಕ್ಕೆ ಹೊಳೆಯುತ್ತದೆ. ಒಂದು ಟಿಟ್ಟಿಭ ನಮ್ಮನ್ನು ಪತ್ತೆಹಚ್ಚಿ ಕೂಗು ಹಾಕಿತು. ನಿಂತೆವು. ಟಿಟ್ಟಿಭ ಕೂಗಿದರೆ ದಡದ ಎಲ್ಲ ಹಕ್ಕಿಗಳೂ ಕಿವಿಗೊಡುತ್ತವೆ. ಅದು ಸುಮ್ಮನಾಗುವವರೆಗೆ ಹೆಜ್ಜೆ ಎತ್ತಕೂಡದು.

ಮರೆಯೊಳಗೆ ಕುಳಿತ ಮೇಲೆ ಮೊದಲು ಬಂದದ್ದು ದನಿಗಳು. ನೀರಿನ ಮೇಲೆ ನಾಮದ ಕೋಳಿಗಳ ಗೊಣಗು, ಎಲ್ಲೋ ಸೂಜಿಬಾಲದ ಗಂಡು ಬಾತಿನ ಸಣ್ಣ ಸೀಟಿ. ನನ್ನ ಕೈಯಲ್ಲಿದ್ದ ದುರ್ಬೀನು ಎಂಟು ಪಟ್ಟಿನದು, ಮುಂದಿನ ಮಸೂರ 42 ಮಿಲಿಮೀಟರ್. ಎರಡನ್ನು ಭಾಗಿಸಿದರೆ ಐದಕ್ಕಿಂತ ತುಸು ಹೆಚ್ಚು. ಅಷ್ಟು ಮಿಲಿಮೀಟರಿನ ಬೆಳಕಿನ ಕಂಬ ಕಣ್ಣಿಗೆ ಬರುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚುಕಡಿಮೆ ಅಷ್ಟೇ ಅಗಲವಾಗುತ್ತದೆ, ಹಾಗಾಗಿ ಬರಿಗಣ್ಣಿಗೆ ಮಸುಕಾಗಿದ್ದ ದಡ ದುರ್ಬೀನಿನಲ್ಲಿ ತಿಳಿಯಾಗಿ ಕಂಡಿತು. ಜೇಬಿಗೆ ಹಿಡಿಸುವ 10 ಪಟ್ಟು, 25 ಮಿಲಿಮೀಟರಿನದಾಗಿದ್ದರೆ ಇನ್ನೂ ಅರ್ಧ ಗಂಟೆ ಕಾಯಬೇಕಿತ್ತು. ಬೆಳಗಿನ ಹಕ್ಕಿಗೆ ಹೆಚ್ಚು ಪಟ್ಟಿಗಿಂತ ಅಗಲ ಮಸೂರವೇ ಮುಖ್ಯ.

ಆಮೇಲೆ ಅವು ಬಂದವು.

ಮೊದಲು ಉತ್ತರದ ಕಡೆಯಿಂದ ಮೂಗಿನಿಂದ ಹೊರಟಂಥ 'ಆಂಗ್, ಆಂಗ್'. ಗೆಳೆಯ ನನ್ನ ಮೊಣಕೈ ಒತ್ತಿದ. ಬೂದು ಆಕಾಶದಲ್ಲಿ ಒಂದು ಓರೆ ಗೆರೆ, ಅದರ ಹಿಂದೆ ಇನ್ನೊಂದು. ಹತ್ತಿರ ಬರುತ್ತಿದ್ದಂತೆ ಗೆರೆಗಳು ಹಕ್ಕಿಗಳಾದವು, ಹಕ್ಕಿಗಳಿಗೆ ಬಿಳಿ ತಲೆ ಬಂತು, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಬಂದವು. ನೀರಿನ ಮೇಲೆ ತಲುಪಿದ ಕೂಡಲೆ ಕೆಲವು ಮೈಯನ್ನು ಓರೆಮಾಡಿ, ರೆಕ್ಕೆಯ ಗಾಳಿ ಬಿಟ್ಟು, ಎತ್ತರದಿಂದ ಒಮ್ಮೆಲೇ ಜಾರಿ ಬಿದ್ದವು. ಬೀಳುತ್ತ ಬೀಳುತ್ತ ಸಾವರಿಸಿಕೊಂಡು, ಕೆಂಪು-ಹಳದಿ ಕಾಲುಗಳನ್ನು ಮುಂದೆ ಚಾಚಿ, ನೀರನ್ನು ಸೀಳಿ ನಿಂತವು. ನನಗೆ ಉಸಿರು ಹಿಡಿದಿದ್ದು ಗೊತ್ತಾದದ್ದು ಬಹಳ ಹೊತ್ತಿನ ಮೇಲೆ.

ಎಣಿಕೆ ಗೆಳೆಯನದು. ಅವನ ಕ್ರಮವನ್ನು ನಾನು ನೋಡಿ ಕಲಿತೆ. ಒಂದು ಸಾಲಿನ ತುದಿಯಿಂದ ಮೊದಲ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಆ ಹತ್ತು ಆಕಾಶದಲ್ಲಿ ಎಷ್ಟು ಉದ್ದ ಹಿಡಿಯಿತೆಂದು ಕಣ್ಣಿನಲ್ಲೇ ಅಳೆದು, ಉಳಿದ ಸಾಲಿನ ಮೇಲೆ ಅದೇ ಅಳತೆಯನ್ನು ಸರಿಸುತ್ತ ಹೋಗುತ್ತಾನೆ. ಮೊದಲ ಸಾಲು ಮೂರು ಅಳತೆ ಮತ್ತು ನಾಲ್ಕು ಹಕ್ಕಿ, ಅಂದರೆ 34. ಎರಡನೆಯದು 50ರ ಹತ್ತಿರ. ಮೂರನೆಯದು ಬರುವಾಗ ಹಿಂದಿನವು ಕೆಲವು ಮತ್ತೆ ಎದ್ದು ಸುತ್ತು ಹೊಡೆದವು. ಎಣಿಕೆ ತಪ್ಪುವುದು ಇಲ್ಲೇ, ಎದ್ದವನ್ನೇ ಮತ್ತೆ ಹೊಸದಾಗಿ ಬಂದವೆಂದು ಸೇರಿಸುವುದರಿಂದ. ಆದ್ದರಿಂದ ಅವನು ಆಕಾಶದ ಲೆಕ್ಕ ಬಿಟ್ಟು, ಎಲ್ಲ ಕುಳಿತು ಸ್ಥಿರವಾದ ಮೇಲೆ ದಡದ ಎಡತುದಿಯಿಂದ ಬಲಕ್ಕೆ ಮತ್ತೊಮ್ಮೆ ಎಣಿಸಿದ. ನಾನು ಬಲದಿಂದ ಎಡಕ್ಕೆ ಎಣಿಸಿದೆ. ಅವನದು 118, ನನ್ನದು 123. 'ಸುಮಾರು 120' ಎಂದು ಪುಸ್ತಕದಲ್ಲಿ ಬರೆದ, ಪಕ್ಕದಲ್ಲಿ ಹೊತ್ತು, ಗಾಳಿ, ನೀರಿನ ಗೆರೆ. ಸಂಜೆ ಅದನ್ನೇ ಇ-ಬರ್ಡ್‌ಗೆ ಸೇರಿಸಿದ.

ಈ ಹಕ್ಕಿಗಳು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ದಡದಲ್ಲಿ. ಇಲ್ಲಿಗೆ ಬರಲು ಹಿಮಾಲಯವನ್ನು ದಾಟಬೇಕು. ಮೈಗೆ ಯಂತ್ರ ಕಟ್ಟಿ ಹಿಂಬಾಲಿಸಿದ ಸಂಶೋಧಕರಿಗೆ 7,000 ಮೀಟರ್ ದಾಟಿ ಹಾರಿದ ಹೆಬ್ಬಾತೂ ಸಿಕ್ಕಿದೆ. ಆದರೆ ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ಕೆಳಗೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವು ಪರ್ವತಗಳ ಮೈಗೆ ಅಂಟಿಕೊಂಡು ಏರುತ್ತ ಇಳಿಯುತ್ತ ಸಾಗುತ್ತವೆಂದು ತೋರಿಸಿತು. ಒಮ್ಮೆ ಮೇಲೇರಿ ಅಲ್ಲೇ ಉಳಿಯುವುದಕ್ಕಿಂತ, ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದೇ ಅವಕ್ಕೆ ಅಗ್ಗ. ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅಷ್ಟು ಹೆಚ್ಚು. ಗಾಳಿ ತಣ್ಣಗೆ, ದಟ್ಟವಾಗಿರುವ ರಾತ್ರಿ ಮತ್ತು ನಸುಕನ್ನು ಅವು ಆರಿಸಿಕೊಳ್ಳುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಕಡಿಮೆ ಆಮ್ಲಜನಕವನ್ನೂ ಬಿಗಿಯಾಗಿ ಹಿಡಿದುಕೊಳ್ಳಬಲ್ಲದು. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಾಗಾಗಿ ಪ್ರತಿ ಹಿಂಡಿನಲ್ಲೂ ಕತ್ತನ್ನು ನೋಡಬೇಕು. ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಓದಲು ಸಿಕ್ಕರೆ ಬರೆದುಕೊಳ್ಳಬೇಕು. ನಮ್ಮ 120ರಲ್ಲಿ ಅಂಥದೊಂದೂ ಇರಲಿಲ್ಲ. ಆದರೂ ಅಷ್ಟೂ ಕತ್ತುಗಳನ್ನು ಒಂದೊಂದಾಗಿ ನೋಡುವ ನೆಪದಲ್ಲಿ, ಗೋಬಿಯ ಆಚೆಯ ಗಾಳಿಯನ್ನು ಕಂಡ ಆ ಕಣ್ಣುಗಳು ತೊಗರಿಯ ನಾಡಿನ ಬೆಳಕಿಗೆ ನಿಧಾನವಾಗಿ ಮುಚ್ಚುವುದನ್ನು ನೋಡಿದೆ.

ಏಳೂವರೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮಲಗಿದ್ದ ಹಿಂಡಿನಲ್ಲಿ ಒಂದು ಕತ್ತು ನೆಟ್ಟಗಾಯಿತು. ಆಮೇಲೆ ಹತ್ತು. ಮೇಯುತ್ತಿದ್ದ ಬಾತುಗಳು ಮೇವು ಬಿಟ್ಟು ಒಟ್ಟಿಗೆ ನಡುನೀರಿಗೆ ತೇಲತೊಡಗಿದವು. ಇವೇ ಎಚ್ಚರಿಕೆಯ ಗುರುತುಗಳು. ನಾವೇ ನಡೆದುಹೋಗುತ್ತಿದ್ದಾಗ ಇವು ಕಂಡರೆ ಅಲ್ಲೇ ನಿಲ್ಲಬೇಕು, ಒಂದು ಹೆಜ್ಜೆ ಹಿಂದೆ ಸರಿಯಬೇಕು. ಈ ಸಲ ಕಾರಣ ನಾವಲ್ಲ, ಒಂದು ಜೌಗು ಸೆಳೆವ. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ದಡದ ಜೊಂಡಿನ ಮೇಲೆ ಆಳೆತ್ತರದಲ್ಲಿ ತೇಲುತ್ತ ಬಂದು, ಒಂದೊಂದೇ ಗುಂಪನ್ನು ಎಬ್ಬಿಸಿ ನೋಡಿತು. ಗಾಯಗೊಂಡದ್ದು, ಸೋತದ್ದು ಯಾವುದೆಂದು ಹುಡುಕುವ ಅದರ ರೀತಿ ಅದು. ಏನೂ ಸಿಗದೆ ಹೊಲಗಳ ಕಡೆ ಹೋಯಿತು. ಐದು ನಿಮಿಷದಲ್ಲಿ ಕತ್ತುಗಳೆಲ್ಲ ಮತ್ತೆ ಮಡಚಿದವು.

ಎಂಟೂವರೆಗೆ ನಾವೂ ಹೊಲಗಳ ಕಡೆ ಹೊರಟೆವು. ಆ ಹೊತ್ತಿಗೆ ನೆಲ ಕಾಯತೊಡಗಿ, ಕೊಕ್ಕರೆಗಳೂ ಗಿಡುಗಗಳೂ ಬಿಸಿಗಾಳಿಯ ಮೇಲೆ ಸುತ್ತುತ್ತ ಏರತೊಡಗುತ್ತವೆ. ಹತ್ತರ ನಂತರ ಎರೆನೆಲದ ಮೇಲಿನ ಝಳಕ್ಕೆ ದೂರದರ್ಶಕದಲ್ಲಿ ಎಲ್ಲ ಕದಡಿ ಕಾಣುತ್ತದೆ. ಮರೆಯ ಜಾಗ ಕೊಟ್ಟ ಹಿರಿಯರು ಜೋಳದ ನಡುವಿನ ಮಂಚಿಕೆಯ ಮೇಲಿದ್ದರು, ಕೈಯಲ್ಲಿ ಕವಣೆ. ಹಾಲುಗಾಳು ಗಟ್ಟಿಯಾಗುತ್ತಿದ್ದ ಹಿಂಗಾರಿ ಬಿಳಿಜೋಳ. ನಮ್ಮನ್ನು ಮೇಲೆ ಕರೆದರು. ಹಕ್ಕಿಗಳನ್ನು ಓಡಿಸಲು ಕಟ್ಟಿದ ಆ ಅಟ್ಟದ ಮೇಲಿಂದ ಸುತ್ತಲಿನ ಎರಡು ಮೈಲಿ ಕಾಣುತ್ತಿತ್ತು. ನಾನು ಕುಳಿತ ವೀಕ್ಷಣಾ ಗೋಪುರಗಳಲ್ಲಿ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

"ಕಂಡ್ವೇನ್ರಿ ಮಾಸ್ತರ್ರ, ನಿಮ್ಮ ಬಾತುಕೋಳಿ?" ಎಂದರು.

"ಕಂಡ್ವು ಮುತ್ಯಾ, ನೂರಾ ಇಪ್ಪತ್ತು. ನಿಮ್ಮ ಕಡ್ಲಿ ಮೇಯ್ದು ಬಂದಿದ್ವು ಅನಸ್ತದ."

"ಮೇಯ್ಲಿ ಬಿಡ್ರಿ. ಸಣ್ಣದಿದ್ದಾಗ ಮೇಯ್ದ್ರ ಕುಡಿ ಚಿವುಟಿದಾಂಗ ಆಗ್ತದ, ಟೊಂಗಿ ಒಡೀತಾವ. ನಾವರ ಪಲ್ಲೆಕ್ಕ ಚಿವುಟಂಗಿಲ್ಲೇನು? ನನ್ನ ಜಗಳ ಎಲ್ಲಾ ಅದರ ಜೋಡಿ" ಎಂದು ಕವಣೆಯಿಂದ ತೋರಿಸಿದರು.

ನಿನ್ನೆ ಸಂಜೆ ನಾವು ಕತ್ತೆತ್ತಿ ನೋಡಿದ ಗುಲಾಬಿ ಕಬ್ಬಕ್ಕಿಗಳಂಥದೇ ಹಿಂಡು. ಜೋಳದ ಮೇಲೆ ಇಳಿದರೆ ತೆನೆ ಬರಿದು. ಕವಣೆಯ ಚಟೀರೆಂಬ ಸದ್ದಿಗೆ ಹಿಂಡು ಎದ್ದು ಪಕ್ಕದ ಕೊಯ್ಯದೆ ಉಳಿದ ತೊಗರಿ ಹೊಲಕ್ಕೆ ಹೋಯಿತು. ಅಲ್ಲಿ ಅದನ್ನು ಯಾರೂ ಓಡಿಸಲಿಲ್ಲ. ತೊಗರಿಯ ಕಾಯಿಕೊರಕ ಹುಳು ಈ ಹಕ್ಕಿಗೆ ಮೆಚ್ಚಿನ ಆಹಾರ. ಹಕ್ಕಿ ಬಂದು ಕೂರಲೆಂದೇ ತೊಗರಿ, ಕಡಲೆ ಹೊಲಗಳಲ್ಲಿ ಅಡ್ಡಪಟ್ಟಿ ಬಡಿದ ಕೋಲುಗಳನ್ನು ನೆಡುವಂತೆ ಕೃಷಿ ವಿಜ್ಞಾನಿಗಳು ಹೇಳುತ್ತಾರೆ; ತೊಗರಿಯ ಜೊತೆ ಒಂದಿಷ್ಟು ಜೋಳದ ಕಾಳು ಬೆರೆಸಿ ಬಿತ್ತುವುದೂ ಅದಕ್ಕೇ. ಒಂದು ಬದುವಿನ ಈಚೆ ಕಳ್ಳ, ಆಚೆ ಆಳು. ಮುತ್ಯಾನಿಗೆ ಇದರಲ್ಲಿ ಗೊಂದಲವೇನೂ ಇರಲಿಲ್ಲ. ಸದ್ದು ಮಾಡಿ ಎಬ್ಬಿಸುತ್ತಾರೆ, ಹಕ್ಕಿಯ ಮೈಗೆ ಕಲ್ಲು ಬೀಸುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ನಮಗೂ ಕೊಟ್ಟರು. ಅವರ ಕಣ್ಣು ಮಾತ್ರ ಜೋಳದ ಮೇಲೇ ಇತ್ತು.

ಅಲ್ಲಿಂದ ಕಮಲಾಪುರಕ್ಕೆ ಹೋಗಿ, ಅಲ್ಲಿಯ ಹೆಸರುವಾಸಿ ಕೆಂಪು ಬಾಳೆ ತಿಂದು, ಮಧ್ಯಾಹ್ನ ಮಲಗಿ, ಸಂಜೆ ಮತ್ತೆ ಅದೇ ದಡಕ್ಕೆ ಬಂದೆವು. ಬೆಳಗಿನ ಬೆರಗಿಗೆ ಜೊತೆಯಾಗಿ ಒಂದು ಆತಂಕವನ್ನೂ ಕಂಡೆವು. ನೀರು ಇಳಿದಂತೆ ಹಕ್ಕಿಗೆ ಹತ್ತಿರವಾಗುವ ದಡ ಮನುಷ್ಯನಿಗೂ ಹತ್ತಿರವಾಗುತ್ತದೆ. ಕೆಸರಂಚಿನವರೆಗೆ ಪಂಪುಸೆಟ್ಟಿನ ಪೈಪುಗಳು ಬಂದಿದ್ದವು, ಸಂಜೆ ಹೊತ್ತಿಗೆ ಮೀನಿನ ಬಲೆ ಬಿಡುವ ತೆಪ್ಪಗಳು ಇಳಿದವು. ಇವರದು ಹೊಟ್ಟೆಪಾಡು, ಅದರ ಮೇಲೆ ನನಗೆ ದೂರಿಲ್ಲ. ತೊಂದರೆಯಾಗುವುದು ದಡದ ಎಲ್ಲ ಕಡೆಯೂ ಏಕಕಾಲಕ್ಕೆ ಓಡಾಟ ಶುರುವಾದಾಗ. ಎಬ್ಬಿಸಿದ ಹಿಂಡಿಗೆ ಕೂರಲು ಇನ್ನೊಂದು ಮೂಲೆ ಉಳಿಯುವುದಿಲ್ಲ. ಹಿಮಾಲಯಕ್ಕೆ ಹಿಂದಿರುಗಲು ಮೈಯಲ್ಲಿ ಕೊಬ್ಬು ಕೂಡಿಸಬೇಕಾದ ಫೆಬ್ರುವರಿಯಲ್ಲಿ ಹೀಗೆ ದಿನಕ್ಕೆ ಹತ್ತಾರು ಸಲ ಏಳಬೇಕಾದರೆ ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇದೇ ಹೆಬ್ಬಾತುಗಳ ಕಾರಣಕ್ಕೆ ಹೆಸರು ಬಂದು, 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಕಮಲಾಪುರದ ಕಡೆಯ ನೀರಿಗೆ ಅಂಥ ಪಟ್ಟಿ ಬರುವವರೆಗೆ ಕಾಯಬೇಕಾಗಿಲ್ಲ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಹಿನ್ನೀರಿನ ಒಂದೇ ಒಂದು ಕೊಲ್ಲಿಯನ್ನು ಬಲೆ, ಪಂಪು, ಕ್ಯಾಮೆರಾ ಯಾವುದೂ ಇಲ್ಲದೆ ಬಿಟ್ಟರೆ ಸಾಕು. ಹೊಲದವರೂ ಮೀನುಗಾರರೂ ಒಟ್ಟಿಗೆ ಕುಳಿತು ಮಾತಾಡಿದರೆ ಆಗುವ ಕೆಲಸ ಇದು.

ನೀವೂ ಹೋಗುವುದಾದರೆ ಹೊಲದ ಮಾಲೀಕರನ್ನು ಮೊದಲು ಕೇಳಿ, ಆಣೆಕಟ್ಟಿನ ಮೇಲೆ ಹೋಗಬೇಕಾದರೆ ನೀರಾವರಿಯವರ ಅನುಮತಿ ಪಡೆಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಹಾರುವ ಚಿತ್ರ ಬೇಕೆಂದು ಮಲಗಿದ ಹಿಂಡನ್ನು ಎಬ್ಬಿಸಬೇಡಿ. 6 ಗಂಟೆಗೆ ಮರೆಯಲ್ಲಿದ್ದವರಿಗೆ ಅವೇ ಹಾರಿ ಬಂದು ತೋರಿಸುತ್ತವೆ. ಮಾರ್ಚ್ ಕೊನೆಗೆ ಹೋದರೆ ಬಿಳಿಹುಬ್ಬಿನ ಬಾತು ಸಿಗಬಹುದು, ಗೊರವಗಳಂತೂ ಸಿಗುತ್ತವೆ, ಆದರೆ ಹೆಬ್ಬಾತುಗಳು ಅಷ್ಟರಲ್ಲಿ ಉತ್ತರಕ್ಕೆ ಹೊರಟುಹೋಗಿರುತ್ತವೆ.